ನುಸಿ ತಿಂದ ಸ್ವೆಟರಿಗೆ ನೇಯ್ಗೆಯ ರಫೂವಾ, ಕುಣಿಕೆ ಹೊಲಿಗೆಯಾ?

ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ನೀಲಿ ಸ್ವೆಟರಿನ ತೋಳಿನಲ್ಲಿ ಮೂರು ಕಡೆ ನುಸಿ ತಿಂದಿತ್ತು. ಎರಡು ಕಡೆ ಎಳೆ ಸವೆದಿತ್ತು ಅಷ್ಟೇ, ಕುಣಿಕೆ ಕಡಿದಿರಲಿಲ್ಲ. ಅಲ್ಲಿ ಸಾಸಿವೆ ಬಣ್ಣದ ಉಣ್ಣೆ ದಾರದಿಂದ ಹಳೆ ಕುಣಿಕೆಯ ದಾರಿಯಲ್ಲೇ ಸೂಜಿ ಓಡಿಸಿದೆ. ಈ ಕುಣಿಕೆ ಹೊಲಿಗೆ ಬಟ್ಟೆಯ ಜೊತೆಗೇ ಹಿಗ್ಗುತ್ತದೆ. ಆದರೆ ಅದಕ್ಕೆ ಕೆಳಗೆ ಹಳೆ ಎಳೆ ಇರಲೇಬೇಕು.

ಮೂರನೆಯದು ಅವರೆಕಾಳಿನಷ್ಟು ದೊಡ್ಡ ತೂತು. ಅದಕ್ಕೆ ನೇಯ್ಗೆಯೇ ಸರಿ. ಕೆಳಗೆ ಒಂದು ಲೋಟ ಬೋರಲು ಇಟ್ಟೆ. ತೂತಿನ ಅಂಚಿನಿಂದ 1 ಸೆಂ.ಮೀ. ಆಚೆ, ಗಟ್ಟಿ ಬಟ್ಟೆಯಿಂದಲೇ ಶುರು ಮಾಡಿ ಉದ್ದಕ್ಕೆ ಎಳೆ ಹಾಕಿದೆ. ಆಮೇಲೆ ಅಡ್ಡಕ್ಕೆ, ಒಂದೆಳೆಯ ಮೇಲೆ, ಇನ್ನೊಂದರ ಕೆಳಗೆ. ಮುಂದಿನ ಸಾಲಿನಲ್ಲಿ ಅದೇ ತಿರುವುಮುರುವು. ಪ್ರತಿ ಸಾಲು ತಿರುಗುವಲ್ಲಿ ದಾರವನ್ನು ಸ್ವಲ್ಪ ಸಡಿಲ ಬಿಡಬೇಕು, ಯಾಕಂದ್ರೆ ಒಗೆದಾಗ ಉಣ್ಣೆ ಕುಗ್ಗುತ್ತದೆ. ನನ್ನ ಮೊದಲ ರಫೂ ಬಿಗಿಯಾಗಿ ಸುತ್ತಲೂ ಸುಕ್ಕು ಬಿದ್ದು, ಬಿಚ್ಚಬೇಕಾಯಿತು.

ನೇಯ್ಗೆಯ ಚೌಕ ಚೆನ್ನಾಗಿ ಕಾಣುತ್ತದೆ, ಗಟ್ಟಿ ಕೂಡ. ಆದರೆ ಅದು ಜಾಸ್ತಿ ಹಿಗ್ಗುವುದಿಲ್ಲ. ಮುಂಗೈ ಪಟ್ಟಿಯಂಥ ಎಳೆದಾಡುವ ಜಾಗದಲ್ಲಿ ತೂತು ಚಿಕ್ಕದಾಗಿದ್ದರೆ, ಬಿಚ್ಚಿದ ಕುಣಿಕೆಗಳನ್ನು ಮೊದಲು ಎತ್ತಿ ಸೇರಿಸಿ, ಮೇಲೆ ಕುಣಿಕೆ ಹೊಲಿಗೆ ಹಾಕುವುದೇ ವಾಸಿ.

ಯಾವುದನ್ನೇ ಆರಿಸಿ, ಸೂಜಿ ಮೊಂಡಾಗಿರಲಿ. ಚೂಪು ಸೂಜಿ ಎಳೆಯನ್ನೇ ಸೀಳುತ್ತದೆ. ದಾರ ಸ್ವೆಟರಿನಷ್ಟೇ ದಪ್ಪ ಅಥವಾ ತುಸು ಸಣ್ಣ ಇರಲಿ. ಹೊಲಿಯುವ ಮೊದಲು ಸ್ವೆಟರನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಮರಿಹುಳು ಉಳಿದಿದ್ದರೆ ಹೊಸ ಉಣ್ಣೆಯನ್ನೂ ತಿನ್ನುತ್ತದೆ ಅಲ್ವಾ.