ಕರಡು ಮತ್ತು ಸಹಿಯಾದ ಷೇರುದಾರರ ಒಪ್ಪಂದ ತಾಳೆ ನೋಡಲು: ವರ್ಡ್, ಅಕ್ರೋಬ್ಯಾಟ್, ಇಲ್ಲಾ ಇಬ್ಬರು ಕೂತು ಓದೋದು?

ನನ್ನ ಓಟು ವರ್ಡ್‌ನ `Compare`ಗೆ. ಅದರ ಜೊತೆ ಒಂದು ಸಂಜೆ ಇಬ್ಬರು ಕೂತು ಓದಬೇಕು. ಅಕ್ರೋಬ್ಯಾಟ್ ಈ ಕೆಲಸಕ್ಕೆ ಸಹಾಯಕ ಮಾತ್ರ.

ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನಮ್ಮ ಮನೆಯವರದ್ದು ಸಣ್ಣ ಪಾಲಿದೆ. ಒಪ್ಪಂದಕ್ಕೆ ಸಹಿ ಮುಗಿದ ಮೇಲೆ ಸ್ಕ್ಯಾನ್ ಪ್ರತಿ ಬಂತು. ಸಹಿ ಪುಟಗಳನ್ನು ಮೊದಲೇ ಪ್ರತ್ಯೇಕವಾಗಿ ಮಾಡಿಸಿಕೊಂಡಿದ್ದರು. ಹಾಗಿದ್ದಾಗ ಒಳಗಿನ ಪುಟ ಬದಲಾದರೂ ಸಹಿ ಅದೇ ಇರುತ್ತೆ. ಅದಕ್ಕೇ ತಾಳೆ ನೋಡಲು ಕೂತೆವು.

ಮೊದಲು ಅಕ್ರೋಬ್ಯಾಟ್ ಪ್ರೊನ `Compare Files`. ಎರಡೂ ವರ್ಡ್‌ನಿಂದ ಬಂದ ಪಿಡಿಎಫ್ ಆಗಿದ್ದರೆ ಚೆನ್ನಾಗೇ ಇದೆ. ಒಂದು ಸ್ಕ್ಯಾನ್ ಆಗಿದ್ದರೆ ಕಷ್ಟ. ಸ್ಟಾಂಪ್ ಪೇಪರ್, ಸೀಲು, ಪುಟದ ಕೆಳಗಿನ ಇನಿಶಿಯಲ್, ಎಲ್ಲವೂ ಅದಕ್ಕೆ ವ್ಯತ್ಯಾಸವೇ. ನಿಜವಾದ ಬದಲಾವಣೆ ಆ ಗದ್ದಲದಲ್ಲಿ ಕಳೆದುಹೋಗುತ್ತೆ.

ವರ್ಡ್‌ನಲ್ಲಿ `Review`, ಆಮೇಲೆ `Compare`. ಮೂಲ ಪ್ರತಿಯಾಗಿ ನೀವೇ ಕೊನೆಗೆ ಒಪ್ಪಿ ಕಳಿಸಿದ ಫೈಲನ್ನೇ ಇಡಿ, ಎದುರಿನವರು ಕಳಿಸಿದ ಕೆಂಪು ಗುರುತಿನ ಫೈಲು ಬೇಡ. ಟ್ರ್ಯಾಕ್ ಚೇಂಜಸ್ ಆಫ್ ಮಾಡಿ ತಿದ್ದಿದ್ದು ಅದರಲ್ಲಿ ಕಾಣೋದೇ ಇಲ್ಲ, ಅಲ್ವಾ? `Formatting`, `White space` ಟಿಕ್ ತೆಗೆದುಬಿಡಿ.

ಇಲ್ಲಿ ಒಂದು ತಲೆನೋವು ನಮ್ಮನ್ನು ಸಾಕಷ್ಟು ಕಾಡಿತು. ಸ್ಕ್ಯಾನ್ ಪ್ರತಿಯನ್ನು ಓಸಿಆರ್ ಮಾಡಿ, ಅಂದರೆ ಚಿತ್ರದಲ್ಲಿರೋ ಬರಹವನ್ನು ತಿದ್ದಬಹುದಾದ ಅಕ್ಷರವಾಗಿಸಿ, ವರ್ಡ್‌ಗೆ ತಂದರೆ 9.3 ಅನ್ನೋದು ಸಾಮಾನ್ಯ ಅಕ್ಷರವಾಗಿ ಬರುತ್ತೆ. ಕರಡಿನಲ್ಲಿ ಅದೇ ಸಂಖ್ಯೆಯನ್ನು ವರ್ಡ್ ತಾನಾಗೇ ಹಾಕಿರುತ್ತೆ, ಅದು ಅಕ್ಷರ ಅಲ್ಲ. ಹಾಗಾಗಿ ಪ್ರತಿ ಪ್ಯಾರಾದ ಶುರುವಲ್ಲೂ ಕೆಂಪು ಗುರುತು. ಷರತ್ತಿನ ಮಧ್ಯೆ ಬರೋ 'ಕ್ಲಾಸ್ 9.3ರ ಪ್ರಕಾರ' ಅನ್ನೋ ಉಲ್ಲೇಖ ಬದಲಾಗಿದ್ದರೆ ಅದು ಈ ಕೆಂಪಿನಲ್ಲೇ ಅಡಗಿಕೊಳ್ಳುತ್ತೆ. ಅದನ್ನೇ ಅಲ್ಲವೇ ನಾವು ಹುಡುಕ್ತಿರೋದು!

ಪರಿಹಾರ ಸರಳ. ಕರಡನ್ನೂ ಪ್ರಿಂಟ್ ತೆಗೆದು ಅದೇ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿ, ಎರಡನ್ನೂ ಒಂದೇ ರೀತಿ ಓಸಿಆರ್ ಮಾಡಿದೆವು. ಆಮೇಲೆ ಎರಡರಲ್ಲೂ ಸಂಖ್ಯೆ ಅಕ್ಷರವೇ ಆಯ್ತು, ಗದ್ದಲ ಬಹಳ ಇಳಿಯಿತು. ಓಸಿಆರ್‌ಗೆ ಅಕ್ರೋಬ್ಯಾಟನ್ನೇ ಬಳಸಿದೆವು. ಬಿಟ್ಟಿ ವೆಬ್‌ಸೈಟ್‌ಗೆ ಇಂಥ ಒಪ್ಪಂದ ಹಾಕಬೇಡಿ. ಅಂಕಿಗಳನ್ನು ಮಾತ್ರ ಸ್ಕ್ಯಾನ್ ಪುಟದ ಮೇಲೇ ಕಣ್ಣಿಟ್ಟು ನೋಡಬೇಕು, ಓಸಿಆರ್ 1ನ್ನು l ಅಂತ ಓದುತ್ತೆ.

ಸಿಕ್ಕಿದ್ದೇನು ಹೇಳ್ತೀನಿ. ಎಕ್ಸಿಟ್ ಷರತ್ತಿನಲ್ಲಿ, ಅಂದರೆ ಪಾಲು ಮಾರಿ ಹೊರಬರೋ ಷರತ್ತಿನಲ್ಲಿ, ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಅದರಲ್ಲಿ ಬಳಸಿದ ಪದಗಳ ವ್ಯಾಖ್ಯೆಗಳಲ್ಲಿ. ಡ್ರ್ಯಾಗ್ ಹಕ್ಕು ಅಂದರೆ ದೊಡ್ಡ ಪಾಲುದಾರರು ಮಾರಿದಾಗ ನಮ್ಮ ಷೇರನ್ನೂ ಅದೇ ಬೆಲೆಗೆ ಮಾರಿಸೋ ಹಕ್ಕು. ಕರಡಿನಲ್ಲಿ ಅದಕ್ಕೆ ಬೇಕಾದ ಬಹುಮತ ಶೇ 75, ಸಹಿಯಾದ ಪ್ರತಿಯಲ್ಲಿ ಶೇ 51.

ಇನ್ನೊಂದು ಇನ್ನೂ ಸೂಕ್ಷ್ಮ. ಯಾರೇ ಷೇರು ಮಾರಿದರೂ ಮೊದಲು ನಮಗೆ ಕೇಳಬೇಕು, ಆದರೆ 'ಅಫಿಲಿಯೇಟ್'ಗೆ, ಅಂದರೆ ಮಾರುವವರದ್ದೇ ಹಿಡಿತದ ಕಂಪನಿಗೆ, ವರ್ಗಾಯಿಸಿದರೆ ಕೇಳಬೇಕಿಲ್ಲ. ಆ ಕಂಪನಿ ಮುಂದೆ ಅಫಿಲಿಯೇಟ್ ಆಗಿ ಉಳಿಯದಿದ್ದರೆ ಷೇರು ವಾಪಸ್ ಕೊಡಬೇಕು ಅನ್ನೋ ಒಂದು ವಾಕ್ಯ ಕರಡಿನಲ್ಲಿತ್ತು. ಅದೇ ಮಾಯ. ಈಗ ಷೇರನ್ನು ತಮ್ಮದೇ ಒಂದು ಕಂಪನಿಗೆ ಹಾಕಿ, ಆಮೇಲೆ ಆ ಕಂಪನಿಯನ್ನೇ ಹೊರಗಿನವರಿಗೆ ಮಾರಿದರೆ ನಮ್ಮನ್ನು ಕೇಳೋರೇ ಇಲ್ಲ.

ಇಬ್ಬರು ಓದೋ ವಿಧಾನದ ಮಿತಿ ಗೊತ್ತಾಗೋದು ಇಲ್ಲೇ. ಸಹಿಯಾದ ಪ್ರತಿ ಒಂದನ್ನೇ ಓದಿದರೆ ಇಲ್ಲದ ವಾಕ್ಯ ಕಾಣೋದಿಲ್ಲ. ಒಬ್ಬರು ಕರಡನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಸಹಿಯಾದ ಪ್ರತಿಯಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು. ನನ್ನ ತಂಗಿ ಜೊತೆ ಕೂತು ವ್ಯಾಖ್ಯೆ, ವರ್ಗಾವಣೆ, ಎಕ್ಸಿಟ್ ಇಷ್ಟನ್ನು ಮಾತ್ರ ಹಾಗೆ ಓದಿದೆವು. ಇಡೀ ಒಪ್ಪಂದ ಓದಲು ಕೂತರೆ ಅರ್ಧಕ್ಕೇ ಕಣ್ಣು ಮುಚ್ಚುತ್ತೆ.

ನನ್ನ ಹತ್ರ ವರ್ಡ್ ಇದ್ದೇ ಇದೆ, ಅಕ್ರೋಬ್ಯಾಟ್ ಪ್ರೊ ಒಂದು ತಿಂಗಳಿಗೆ ಸಾಕು. ವಕೀಲರ ಗಂಟೆ ಲೆಕ್ಕದಲ್ಲಿ ಇದೇ ಕೆಲಸ ಮಾಡಿಸೋದು ದುಬಾರಿ, ಸಿಕ್ಕ ವ್ಯತ್ಯಾಸ ತಗೊಂಡು ಅವರ ಹತ್ರ ಹೋಗೋದು ಅಗ್ಗ. ಹಾಗೇ ಮಾಡಿದೆವು. ಎದುರಿನವರು 'ಹಳೇ ಫೈಲು ಸೇರಿಕೊಂಡಿದೆ' ಅಂದರು, ತಿದ್ದುಪಡಿ ಒಪ್ಪಂದಕ್ಕೆ ಸಹಿ ಹಾಕಿದರು. ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಅಡಿ, ವಂಚನೆ ಅಥವಾ ಇಬ್ಬರದ್ದೂ ತಪ್ಪು ಗ್ರಹಿಕೆ ಅಂತ ತೋರಿಸಿ ಕೋರ್ಟಿನಲ್ಲಿ ತಿದ್ದಿಸಬಹುದು.

ಅದೇ ವಾರ ಕಂಪನಿಯ ಆಂತರಿಕ ನಿಯಮಾವಳಿಯಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್ ಕರಡನ್ನೂ ಇದೇ ರೀತಿ ತಾಳೆ ನೋಡಿದೆವು. ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕದು ಅಂತ ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತಲ್ಲ. ವಾಪಸ್ ಕೊಡೋ ವಾಕ್ಯ ಅಲ್ಲೂ ಇರಲಿಲ್ಲ. ಅದನ್ನೂ ಸೇರಿಸಿಯೇ ವಿಶೇಷ ನಿರ್ಣಯ ಮಾಡಿಸಿದೆವು.