ಐದು ಜನರ ಮನೆಗೆ ಸೆಪ್ಟಿಕ್ ಟ್ಯಾಂಕೋ, ಜೋಡಿ ಗುಂಡಿಯೋ?

ಒಳಚರಂಡಿ ಇಲ್ಲದ ಕಡೆ ಜೋಡಿ ಗುಂಡಿಯೇ ಅಗ್ಗ. ಶೌಚದ ನೀರು ಒಂದು ಗುಂಡಿಯಲ್ಲಿ ಇಂಗುತ್ತದೆ. ಅದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಬಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಆದರೆ ಸ್ನಾನದ, ಅಡುಗೆಮನೆಯ ನೀರನ್ನು ಇದಕ್ಕೆ ಬಿಡುವಂತಿಲ್ಲ.

ಸೆಪ್ಟಿಕ್ ಟ್ಯಾಂಕಿಗೆ ಖರ್ಚು ಹೆಚ್ಚು. ಐದು ಜನರಿಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಇರಲಿ. ನೀರಿನ ಆಳ 1.05 ಮೀಟರ್, ಮೇಲೆ 30 ಸೆಂ.ಮೀ. ಖಾಲಿ ಜಾಗ. ಸುಮಾರು 1,180 ಲೀಟರ್ ಹಿಡಿಯುತ್ತದೆ, ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ಹೊರಹೋಗುವ ಪೈಪು ಒಳಬರುವುದಕ್ಕಿಂತ 5 ಸೆಂ.ಮೀ. ಕೆಳಗಿರಬೇಕು. ಎರಡೂ ಕಡೆ ಟೀ ಪೈಪು ಹಾಕಿಸಿ. ಇಲ್ಲದಿದ್ದರೆ ಮೇಲೆ ತೇಲುವ ಕೆನೆ ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನೇ ಮುಚ್ಚುತ್ತದೆ. ಮೇಸ್ತ್ರಿಗಳು ಬಿಡುವುದು ಇದನ್ನೇ, ನಿಂತು ನೋಡಿ.

ಇಂಗುಗುಂಡಿ ಕನಿಷ್ಠ 90 ಸೆಂ.ಮೀ. ಅಗಲ, ಪೈಪಿನಿಂದ ಕೆಳಗೆ ಒಂದು ಮೀಟರ್ ಆಳ. ತಳಕ್ಕೆ ಕಾಂಕ್ರೀಟ್ ಬೇಡ. ಬಾವಿಯಿಂದ 18 ಮೀಟರ್ ದೂರ ಇರಲಿ.

ಕೆಂಪು ಮಣ್ಣು, ಆಳದಲ್ಲಿ ಅಂತರ್ಜಲ ಇದ್ದರೆ ನನ್ನ ಆಯ್ಕೆ ಜೋಡಿ ಗುಂಡಿ. ಎರೆಮಣ್ಣಿನಲ್ಲಿ ಎರಡೂ ಸರಿಯಾಗಿ ಇಂಗವು. ಅಲ್ಲಿ ಟ್ಯಾಂಕ್ ಕಟ್ಟಿ, ಗುಂಡಿಯ ಬದಲು ಜಲ್ಲಿ ತುಂಬಿದ ಉದ್ದನೆಯ ಕಾಲುವೆಗೆ ನೀರು ಬಿಡುವುದು ಮೇಲು.