ಎಸ್‌ಕ್ಯೂಲೈಟ್ ಫೈಲೋ, ಹೋಸ್ಟೆಡ್ ಡೇಟಾಬೇಸೋ: ಎರಡನ್ನೂ ಬಳಸಿ ನೋಡಿದ ಮೇಲೆ

ನಮ್ಮ ಡ್ಯಾಶ್‌ಬೋರ್ಡಿನಲ್ಲಿ 12 ಚಾರ್ಟ್‌ಗಳಿವೆ. ಪುಟ 15 ಸೆಕೆಂಡಿಗೊಮ್ಮೆ ತಾನಾಗಿಯೇ ರಿಫ್ರೆಶ್ ಆಗುತ್ತದೆ. ಹಿಂದುಗಡೆ ಒಂದು ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಹೊಸ ಅಂಕಿಗಳನ್ನು ತಂದು ಬರೆಯುತ್ತದೆ. ಇದನ್ನು ಮೊದಲು ಹೋಸ್ಟೆಡ್ ಪೋಸ್ಟ್‌ಗ್ರೆಸ್ ಮೇಲೆ ನಡೆಸಿದೆವು. ಈಗ ಬಹಳ ಕಾಲದಿಂದ ಒಂದು ಎಸ್‌ಕ್ಯೂಲೈಟ್ ಫೈಲಿನ ಮೇಲೆ ನಡೆಯುತ್ತಿದೆ.

ಹೋಸ್ಟೆಡ್ ಡೇಟಾಬೇಸ್ ಕೆಟ್ಟದ್ದಲ್ಲ. ಬ್ಯಾಕಪ್ ಅವರೇ ನೋಡಿಕೊಳ್ಳುತ್ತಾರೆ, ಎಲ್ಲಿಂದ ಬೇಕಾದರೂ ಕನೆಕ್ಟ್ ಆಗಬಹುದು. ಆದರೆ ಡ್ಯಾಶ್‌ಬೋರ್ಡ್ ಕೇಳುವ ರೀತಿಯೇ ಬೇರೆ. 20 ಜನ ಟ್ಯಾಬ್ ತೆರೆದಿಟ್ಟರೆ 15 ಸೆಕೆಂಡಿಗೆ 240 ಕ್ವೆರಿ, ಅಂದರೆ ಸೆಕೆಂಡಿಗೆ 16. ಹೊರೆ ದೊಡ್ಡದೇನಲ್ಲ. ಆದರೆ ಒಂದೊಂದು ಕ್ವೆರಿಯೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಅದಕ್ಕೆ 20 ಮಿಲಿಸೆಕೆಂಡ್ ಹಿಡಿದರೂ, ಒಂದಾದ ಮೇಲೊಂದು 12 ಕ್ವೆರಿಗೆ ಕಾಲು ಸೆಕೆಂಡ್ ಬರೀ ಓಡಾಟಕ್ಕೇ ಹೋಯಿತು. ಇನ್ನೊಂದು ತಮಾಷೆ: ಬಳಕೆ ಇಲ್ಲದಾಗ ಡೇಟಾಬೇಸ್ ನಿದ್ದೆಗೆ ಹೋಗುತ್ತದೆ, ಆಗ ಹಣ ಉಳಿಯುತ್ತದೆ ಎನ್ನುವ ಪ್ಲಾನ್‌ಗಳಿವೆ. ರಾತ್ರಿ ಯಾರೋ ಒಬ್ಬರು ಟ್ಯಾಬ್ ಮುಚ್ಚದೆ ಹೋದರೆ ಸಾಕು, ಅದು ನಿದ್ದೆ ಮಾಡುವುದೇ ಇಲ್ಲ!

ಎಸ್‌ಕ್ಯೂಲೈಟಿಗೆ ಬಂದರೆ ಓಡಾಟವೇ ಇಲ್ಲ. ಅದು ನಮ್ಮ ಪ್ರೋಗ್ರಾಮಿನೊಳಗೇ ಕೆಲಸ ಮಾಡುತ್ತದೆ. ಆದರೆ ಇದ್ದ ಹಾಗೇ ಬಳಸಲು ಹೋದರೆ ಆಗಾಗ `database is locked` ಎಂಬ ದೂರು ಬರುತ್ತದೆ. ಡೀಫಾಲ್ಟ್ ಮೋಡಿನಲ್ಲಿ, ಬರೆಯುವವರು ಕಮಿಟ್ ಮಾಡುವ ಹೊತ್ತಿಗೆ ಓದುವವರು ಹೊರಗಿರಬೇಕು. ಹಾಗಾಗಿ ರಿಫ್ರೆಶ್ ಮತ್ತು ಸ್ಕ್ರಿಪ್ಟ್ ಒಂದೇ ಕ್ಷಣದಲ್ಲಿ ಎದುರಾದರೆ ಜಗಳ. ಇದಕ್ಕೆ ಎರಡು ಸಾಲಿನ ಮದ್ದು:

```sql
PRAGMA journal_mode = WAL;
PRAGMA busy_timeout = 5000;
```

ಮೊದಲನೆಯದು ವಾಲ್ ಮೋಡ್. ಅದು ಫೈಲಿನಲ್ಲೇ ಉಳಿಯುತ್ತದೆ, ಒಮ್ಮೆ ಹಾಕಿದರೆ ಸಾಕು. ಇದಾದ ಮೇಲೆ ಓದುವುದೂ ಬರೆಯುವುದೂ ಒಟ್ಟಿಗೆ ನಡೆಯುತ್ತವೆ. ಎರಡನೆಯದನ್ನು ಪ್ರತಿ ಕನೆಕ್ಷನ್ ತೆರೆದಾಗಲೂ ಹಾಕಬೇಕು. ಲಾಕ್ ಸಿಗದಿದ್ದರೆ ತಕ್ಷಣ ಕೈಚೆಲ್ಲದೆ 5 ಸೆಕೆಂಡ್ ಕಾಯಿ ಎಂದು ಅದರ ಅರ್ಥ. ಆದರೂ ಬರೆಯುವವರು ಒಂದು ಸಲಕ್ಕೆ ಒಬ್ಬರೇ. ಹಳೆಯ ಸಾಲುಗಳನ್ನು ಅಳಿಸುವ ಕೆಲಸ ಒಂದೇ ಏಟಿಗೆ ಲಕ್ಷಗಟ್ಟಲೆ ಅಳಿಸಲು ಹೊರಟರೆ, ಅಂಕಿ ತರುವ ಸ್ಕ್ರಿಪ್ಟ್ ಕಾದು ಕಾದು ಸೋಲುತ್ತದೆ. ಸ್ವಲ್ಪ ಸ್ವಲ್ಪವಾಗಿ ಅಳಿಸಿ, ನಡುನಡುವೆ ಕಮಿಟ್ ಮಾಡಿದರೆ ಈ ಕಾಟವಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು `PRAGMA data_version`. ಇದು ಒಂದು ಸಂಖ್ಯೆ ಕೊಡುತ್ತದೆ. ಬೇರೆ ಯಾವುದೇ ಕನೆಕ್ಷನ್ ಫೈಲಿಗೆ ಏನಾದರೂ ಬರೆದಿದ್ದರೆ ಆ ಸಂಖ್ಯೆ ಬದಲಾಗುತ್ತದೆ. ಡೇಟಾ ಬರುವುದೇ ನಿಮಿಷಕ್ಕೊಮ್ಮೆ, ಪುಟ ಕೇಳುವುದು ನಿಮಿಷಕ್ಕೆ 4 ಸಲ. ಅದರಲ್ಲಿ 3 ಸಲ ಸುಮ್ನೆ ಕೇಳಿದಂತೆ, ಅಲ್ವಾ? ನಾವು ಈಗ ಮೊದಲು ಈ ಸಂಖ್ಯೆ ನೋಡುತ್ತೇವೆ. ಬದಲಾಗಿಲ್ಲ ಎಂದರೆ ಹಿಂದಿನ ಉತ್ತರವನ್ನೇ ಎಲ್ಲ ಟ್ಯಾಬ್‌ಗಳಿಗೂ ಕಳಿಸುತ್ತೇವೆ. 12 ಕ್ವೆರಿಗಳು ಓಡುವುದು ನಿಮಿಷಕ್ಕೊಮ್ಮೆ ಮಾತ್ರ, ನೋಡುವವರು ಎಷ್ಟೇ ಜನರಿರಲಿ. ಒಂದು ಷರತ್ತು: ಈ ಸಂಖ್ಯೆಯನ್ನು ಅದೇ ಕನೆಕ್ಷನ್ನಿನ ಹಿಂದಿನ ಸಂಖ್ಯೆಯ ಜೊತೆ ಮಾತ್ರ ಹೋಲಿಸಬೇಕು. ಪ್ರತಿ ಸಲ ಹೊಸ ಕನೆಕ್ಷನ್ ತೆರೆದು ಕೇಳಿದರೆ ಅದಕ್ಕೆ ಅರ್ಥವೇ ಇಲ್ಲ.

ಫೈಲಿನ ಪಕ್ಕದಲ್ಲಿ `-wal` ಎಂದು ಮುಗಿಯುವ ಇನ್ನೊಂದು ಫೈಲ್ ಇರುತ್ತದೆ. ಅದರ ಮೇಲೆ ಒಂದು ಕಣ್ಣಿಡಿ. ಅದು 1000 ಪೇಜ್, ಅಂದರೆ ಸುಮಾರು 4 ಎಂಬಿ ಆದಾಗ ಅದರಲ್ಲಿರುವುದನ್ನು ಮುಖ್ಯ ಫೈಲಿಗೆ ಸೇರಿಸುವ ಕೆಲಸ ತಾನಾಗಿ ನಡೆಯುತ್ತದೆ. ಅದು ನೂರಾರು ಎಂಬಿಗೆ ಬೆಳೆಯುತ್ತಾ ಹೋದರೆ, ಸಾಮಾನ್ಯವಾಗಿ ಎಲ್ಲೋ ಒಂದು ಓದುವ ಟ್ರಾನ್ಸಾಕ್ಷನ್ ಮುಗಿಯದೆ ತೆರೆದೇ ಉಳಿದಿದೆ ಎಂದರ್ಥ. ಬ್ಯಾಕಪ್‌ಗೂ ಇದು ಮುಖ್ಯ. ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಿದರೆ ಇತ್ತೀಚಿನ ಡೇಟಾ ತಪ್ಪಿಹೋಗಬಹುದು. `VACUUM INTO 'backup.db'` ಬಳಸಿ.

ಫೈಲಿನ ಗಾತ್ರ ನೋಡಿ ಹೋಸ್ಟೆಡ್ ಕಡೆ ಹೋಗುವವರೇ ಜಾಸ್ತಿ. ನಾನು ನೋಡುವುದು ಬರೆಯುವವರೂ ಓದುವವರೂ ಎಷ್ಟು ಮಷಿನ್‌ಗಳಲ್ಲಿದ್ದಾರೆ ಎಂದು. ಅಂಕಿ ತರುವ ಸ್ಕ್ರಿಪ್ಟ್ ಒಂದು ಮಷಿನ್ನಿನಲ್ಲಿ, ಡ್ಯಾಶ್‌ಬೋರ್ಡ್ ಇನ್ನೊಂದರಲ್ಲಿ ಇದ್ದರೆ ಫೈಲ್ ಬೇಡ. ಅದನ್ನು ನೆಟ್‌ವರ್ಕ್ ಡ್ರೈವಿನಲ್ಲಿಟ್ಟು ಹಂಚಿಕೊಳ್ಳೋಣ ಎನ್ನಬೇಡಿ. ವಾಲ್ ಮೋಡಿಗೆ ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ಮಷಿನ್ನಿನ ಮೆಮೊರಿ ಹಂಚಿಕೊಳ್ಳಬೇಕು. ಪ್ರತಿ ಡಿಪ್ಲಾಯ್‌ಗೂ ಡಿಸ್ಕ್ ಅಳಿಸಿಹೋಗುವ ಕಂಟೇನರಿನಲ್ಲೂ ಅಷ್ಟೇ, ಫೈಲ್ ಅದರ ಜೊತೆಗೇ ಹೋಗುತ್ತದೆ.

ಎಲ್ಲವೂ ಒಂದೇ ಸರ್ವರಿನಲ್ಲಿರುವ ನಮ್ಮಂಥ ಡ್ಯಾಶ್‌ಬೋರ್ಡಿಗೆ ಎಸ್‌ಕ್ಯೂಲೈಟಿಗೆ 5ಕ್ಕೆ 4.5 ಕೊಡುತ್ತೇನೆ. ಎರಡು ಪ್ರಾಗ್ಮಾ ಸಾಲುಗಳನ್ನು ನಾವೇ ಹುಡುಕಿ ಹಾಕಬೇಕಲ್ಲ, ಅದಕ್ಕೆ ಅರ್ಧ ಕಡಿಮೆ. ಇದೇ ಕೆಲಸಕ್ಕೆ ಹೋಸ್ಟೆಡ್‌ಗೆ 3.